ಸೀನಿಯರ್‌ಗೆ ಬರೆಯುವ ರೆಫರಲ್ ಸಂದೇಶ: ಏನಿರಬೇಕು, ಏನು ಬೇಡ

ಕಂಪನಿಯೊಂದರಲ್ಲಿ ಈಗಾಗಲೇ ಕೆಲಸದಲ್ಲಿರುವವರು ಅಲ್ಲಿನ ನಿರ್ದಿಷ್ಟ ಹುದ್ದೆಗೆ ಹೊರಗಿನ ಅಭ್ಯರ್ಥಿಯೊಬ್ಬರ ಹೆಸರು ಸೂಚಿಸುವುದಕ್ಕೆ ರೆಫರಲ್ ಎನ್ನುತ್ತಾರೆ. ಸಾಫ್ಟ್‌ವೇರ್ ಉದ್ಯೋಗದಲ್ಲಿ, ಅದರಲ್ಲೂ ಪ್ರಾಡಕ್ಟ್ ಕಂಪನಿಗಳಲ್ಲಿ, ಇದು ನೇಮಕಾತಿಯ ಮಾಮೂಲಿ ದಾರಿ. ಗ್ರಾಹಕ ಕಂಪನಿಗಳಿಗಾಗಿ ಸಾಫ್ಟ್‌ವೇರ್ ಬರೆದುಕೊಡುವ ಸರ್ವಿಸ್ ಕಂಪನಿಗಳು ಕ್ಯಾಂಪಸ್‌ಗೆ ಬಂದು ಹತ್ತಾರು, ನೂರಾರು ಜನರನ್ನು ಒಟ್ಟಿಗೆ ಆರಿಸಿಕೊಂಡು ಆಮೇಲೆ ಪ್ರಾಜೆಕ್ಟ್‌ಗಳಿಗೆ ಹಂಚುತ್ತವೆ. ತಮ್ಮದೇ ಸಾಫ್ಟ್‌ವೇರ್ ಮಾರುವ ಪ್ರಾಡಕ್ಟ್ ಕಂಪನಿಗಳು, ಮುಖ್ಯವಾಗಿ ಅನುಭವಿಗಳನ್ನು ಸೇರಿಸಿಕೊಳ್ಳುವಾಗ, ಇಂಥ ತಂಡಕ್ಕೆ ಇಂಥ ಕೆಲಸ ಬಲ್ಲ ಒಬ್ಬರು ಬೇಕು ಎಂದು ಒಂದೊಂದೇ ಹುದ್ದೆ ತೆರೆಯುತ್ತವೆ. ಆ ಒಂದು ಹುದ್ದೆಗೆ ಬರುವ ಅರ್ಜಿಗಳ ರಾಶಿಯಲ್ಲಿ ಬಹುಪಾಲನ್ನು ರಿಕ್ರೂಟರ್ ತೆರೆದೂ ನೋಡಿರುವುದಿಲ್ಲ. ರೆಫರಲ್ ಮೂಲಕ ಬಂದ ಅರ್ಜಿಗೆ ಪ್ರತ್ಯೇಕ ಗುರುತು ಬೀಳುವುದರಿಂದ ಒಬ್ಬ ಮನುಷ್ಯ ಅದನ್ನು ಓದುವ ಸಾಧ್ಯತೆ ಹೆಚ್ಚು. ರೆಫರಲ್‌ನ ಪ್ರಯೋಜನ ಬಹುತೇಕ ಇಷ್ಟೇ, ಆದರೆ ಇದು ಸಣ್ಣದಲ್ಲ.

ಅಂಥ ಕಂಪನಿಯಲ್ಲಿ ಪರಿಚಯದವರಿಲ್ಲದ ಅಭ್ಯರ್ಥಿಗೆ ಹತ್ತಿರದ ಕೊಂಡಿ ಎಂದರೆ ತನ್ನ ಕಾಲೇಜಿನ ಹಳೆಯ ವಿದ್ಯಾರ್ಥಿ. ಮುಖ ನೋಡಿರದ ಆ ಸೀನಿಯರ್‌ಗೆ ಕಳಿಸುವ ನಾಲ್ಕು ಸಾಲಿನ ಸಂದೇಶ ಹೇಗಿರಬೇಕು ಎಂಬುದು, ಅದನ್ನು ಓದಿದ ಮೇಲೆ ಆ ವ್ಯಕ್ತಿ ಏನು ಮಾಡಬೇಕಾಗುತ್ತದೆ ಎಂಬುದರ ಮೇಲೆ ನಿಂತಿದೆ.

ರೆಫರ್ ಮಾಡುವುದೆಂದರೆ ಒಂದು ಫಾರ್ಮ್ ತುಂಬುವುದು. ಉದ್ಯೋಗಿ ಕಂಪನಿಯ ಒಳಗಿನ ನೇಮಕಾತಿ ಪೋರ್ಟಲ್‌ಗೆ ಹೋಗಿ ಮೊದಲು ಹುದ್ದೆಯನ್ನು ಆರಿಸಬೇಕು. ದೊಡ್ಡ ಕಂಪನಿಯಲ್ಲಿ ಒಂದೇ ಹೆಸರಿನ ಹತ್ತಾರು ಹುದ್ದೆಗಳಿರುತ್ತವೆ. ಅವನ್ನು ಬೇರ್ಪಡಿಸುವುದು ಜಾಬ್ ಐಡಿ ಎಂಬ ಸಂಖ್ಯೆ ಮಾತ್ರ. ಆಮೇಲೆ ಅಭ್ಯರ್ಥಿಯ ಹೆಸರು, ಇಮೇಲ್, ಫೋನ್ ನಂಬರ್ ತುಂಬಿ ರೆಸ್ಯೂಮೆಯ ಪಿಡಿಎಫ್ ಏರಿಸಬೇಕು. ಕೊನೆಯಲ್ಲಿ ಸಾಮಾನ್ಯವಾಗಿ ಎರಡು ಪ್ರಶ್ನೆಗಳಿರುತ್ತವೆ: ಇವರು ನಿಮಗೆ ಹೇಗೆ ಗೊತ್ತು, ಈ ಹುದ್ದೆಗೆ ಇವರು ಯಾಕೆ ಹೊಂದುತ್ತಾರೆ. ಎಲ್ಲ ವಿವರ ಕೈಯಲ್ಲಿದ್ದರೆ ಐದು ನಿಮಿಷದ ಕೆಲಸ. ಒಂದು ವಿವರ ಇಲ್ಲದಿದ್ದರೂ ತಿರುಗಿ ಕೇಳಬೇಕು, ಉತ್ತರಕ್ಕೆ ಕಾಯಬೇಕು, ಮತ್ತೆ ನೆನಪಿಟ್ಟುಕೊಂಡು ಪೋರ್ಟಲ್ ತೆರೆಯಬೇಕು. ಹೆಚ್ಚಿನ ಸಂದೇಶಗಳು ಉತ್ತರವಿಲ್ಲದೆ ಉಳಿಯುವುದು ಇಲ್ಲಿ. ಸೀನಿಯರ್‌ಗೆ ಸೊಕ್ಕು ಎಂದು ಜೂನಿಯರ್‌ಗಳು ಹಾಸ್ಟೆಲ್‌ನಲ್ಲಿ ಮಾತಾಡಿಕೊಳ್ಳುವುದುಂಟು. ಎಷ್ಟೋ ಸಲ ಅದು ಸೊಕ್ಕಲ್ಲ, ಭಾನುವಾರ ನೋಡೋಣ ಎಂದು ಬದಿಗಿಟ್ಟು ಮರೆತ ಸಂದೇಶ.

ಕೊನೆಯ ಆ ಎರಡು ಪ್ರಶ್ನೆಗಳೇ ಈ ವ್ಯವಹಾರದ ಸೂಕ್ಷ್ಮ ಜಾಗ. ಅಭ್ಯರ್ಥಿ ಕೆಲಸಕ್ಕೆ ಸೇರಿ ಕೆಲವು ತಿಂಗಳು ಉಳಿದರೆ ರೆಫರ್ ಮಾಡಿದವರಿಗೆ ಬೋನಸ್ ಕೊಡುವ ಪದ್ಧತಿ ಅನೇಕ ಕಂಪನಿಗಳಲ್ಲಿದೆ. ಹಾಗಾಗಿ ರೆಫರ್ ಮಾಡುವುದು ಪೂರ್ತಿ ಉಪಕಾರವೇನಲ್ಲ. ಒಳ್ಳೆಯ ಅಭ್ಯರ್ಥಿ ಸಿಕ್ಕರೆ ಸೀನಿಯರ್‌ಗೂ ಲಾಭ. ಆದರೆ ಆ ಫಾರ್ಮ್‌ನಲ್ಲಿ ಅವರ ಹೆಸರು ಉಳಿಯುತ್ತದೆ. ಸಂದರ್ಶನದ ಮೊದಲ ಸುತ್ತಿನಲ್ಲೇ ತಡವರಿಸುವವರನ್ನು ಒಬ್ಬರ ಹಿಂದೆ ಒಬ್ಬರಂತೆ ಕಳಿಸಿದರೆ ರಿಕ್ರೂಟರ್ ಮುಂದಿನ ಸಲ ಅವರ ಮಾತಿಗೆ ತೂಕ ಕೊಡುವುದಿಲ್ಲ. ಎಂದೂ ಜೊತೆಗೆ ಕೆಲಸ ಮಾಡದ ಜೂನಿಯರ್ ಬಗ್ಗೆ ಪ್ರಾಮಾಣಿಕವಾಗಿ ಬರೆಯಬಹುದಾದದ್ದು ಇಷ್ಟೇ: 'ನನ್ನ ಕಾಲೇಜಿನವರು, ಜೊತೆಗೆ ಕೆಲಸ ಮಾಡಿಲ್ಲ, ಆದರೆ ಇಂಥ ಕೆಲಸ ಮಾಡಿರುವುದಾಗಿ ಹೇಳಿದ್ದಾರೆ, ಅದು ಈ ಹುದ್ದೆಗೆ ಹೊಂದುತ್ತದೆ.' ಆ 'ಇಂಥ ಕೆಲಸ' ಯಾವುದು ಎಂಬುದನ್ನು ಸಂದೇಶವೇ ಒದಗಿಸಬೇಕು. ಒದಗಿಸದಿದ್ದರೆ ಸೀನಿಯರ್‌ಗೆ ಉಳಿಯುವ ದಾರಿ ಎರಡು, ಸುಳ್ಳು ಹೊಗಳಿಕೆ ಅಥವಾ ಮೌನ.

ಯಾರಿಗೆ ಬರೆಯಬೇಕು ಎಂಬುದು ಸಂದೇಶಕ್ಕಿಂತ ಮೊದಲಿನ ಪ್ರಶ್ನೆ. ಲಿಂಕ್ಡ್‌ಇನ್‌ನಲ್ಲಿ ಪ್ರತಿ ಕಾಲೇಜಿನ ಪುಟದಲ್ಲೂ ಹಳೆಯ ವಿದ್ಯಾರ್ಥಿಗಳ ವಿಭಾಗವಿದ್ದು, ಅಲ್ಲಿ ಯಾರು ಯಾವ ಕಂಪನಿಯಲ್ಲಿ, ಯಾವ ಊರಲ್ಲಿ, ಯಾವ ಬಗೆಯ ಕೆಲಸದಲ್ಲಿದ್ದಾರೆ ಎಂದು ಸೋಸಿ ನೋಡಬಹುದು. ಡೈರೆಕ್ಟರ್ ಹುದ್ದೆಗೇರಿದ 1998ರ ಬ್ಯಾಚಿನವರಿಗಿಂತ ಮೂರು-ನಾಲ್ಕು ವರ್ಷ ಹಿರಿಯರು, ಅಭ್ಯರ್ಥಿ ಬಯಸುವಂಥದೇ ಕೆಲಸ ಮಾಡುತ್ತಿರುವವರು, ಹೆಚ್ಚು ಉಪಯೋಗಕ್ಕೆ ಬರುತ್ತಾರೆ. ಅವರಿಗೆ ಹುದ್ದೆಯ ವಿವರಣೆ ಅರ್ಥವಾಗುತ್ತದೆ, ಸಂದೇಶದಲ್ಲಿನ ತಾಂತ್ರಿಕ ಸಾಲು ನಿಜವೋ ಬುರುಡೆಯೋ ಎಂದು ಗೊತ್ತಾಗುತ್ತದೆ, ತಾವು ಕೆಲಸ ಹುಡುಕಿದ ದಿನಗಳೂ ನೆನಪಿರುತ್ತವೆ.

ಪರಿಚಯವೇ ಇಲ್ಲದವರು ಯಾಕೆ ಸಹಾಯ ಮಾಡುತ್ತಾರೆ ಎಂಬ ಸಂಕೋಚ ಸಹಜ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಬಾಸ್ಟನ್ ಹತ್ತಿರದ ನ್ಯೂಟನ್ ಪಟ್ಟಣದ ವೃತ್ತಿಪರರನ್ನು ವಿಚಾರಿಸಿ 1973ರಲ್ಲಿ ಪ್ರಕಟಿಸಿದ ಪ್ರಬಂಧ ಈ ವಿಷಯದಲ್ಲಿ ಇಂದಿಗೂ ಮೊದಲು ನೆನಪಾಗುವಂಥದ್ದು. ಪರಿಚಿತರ ಮೂಲಕ ಕೆಲಸ ಪಡೆದವರಲ್ಲಿ ಆ ಪರಿಚಿತರನ್ನು ಆಗಾಗ್ಗೆ ಭೇಟಿಯಾಗುತ್ತಿದ್ದವರು ಶೇ. 17ರಷ್ಟು ಮಾತ್ರ, ಉಳಿದವರು ಅವರನ್ನು ಆಗೊಮ್ಮೆ ಈಗೊಮ್ಮೆ ಅಥವಾ ಅಪರೂಪಕ್ಕೆ ಭೇಟಿಯಾಗುತ್ತಿದ್ದವರು. ಆಪ್ತ ಗೆಳೆಯರಿಗೆ ಗೊತ್ತಿರುವ ಸುದ್ದಿ ನಮಗೂ ಗೊತ್ತಿರುತ್ತದೆ, ಬೇರೆ ವಲಯದ ಸುದ್ದಿ ತರುವವರು ದೂರದ ಪರಿಚಿತರು ಎಂಬುದು ಅವರ ವಿವರಣೆ. 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ, ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರ ಮೇಲಿನ ಅಧ್ಯಯನ ಇದನ್ನು ಕೊಂಚ ತಿದ್ದಿತು: ತೀರಾ ದೂರದವರಿಗಿಂತ, ಒಂದಿಷ್ಟು ಸಮಾನ ಪರಿಚಿತರಿರುವ ಮಧ್ಯಮ ದೂರದವರಿಂದ ಕೆಲಸ ಸಿಗುವ ಸಾಧ್ಯತೆ ಹೆಚ್ಚು. ಅದೇ ಕಾಲೇಜಿನ ಅದೇ ವಿಭಾಗದಲ್ಲಿ ಓದಿದ ಸೀನಿಯರ್ ಹೆಚ್ಚುಕಡಿಮೆ ಆ ಅಂತರದಲ್ಲೇ ನಿಲ್ಲುವವರು.

ಒಂದು ಉದಾಹರಣೆ ಕಟ್ಟಿಕೊಳ್ಳಬಹುದು. ದಾವಣಗೆರೆಯ ಕಾಲೇಜೊಂದರಲ್ಲಿ 2022ರಲ್ಲಿ ಕಂಪ್ಯೂಟರ್ ಸೈನ್ಸ್ ಮುಗಿಸಿದ ಯುವಕ. ಬೆಂಗಳೂರಿನ ಸರ್ವಿಸ್ ಕಂಪನಿಯೊಂದರಲ್ಲಿ ಮೂರು ವರ್ಷದ ಅನುಭವ. ಜಾವಾ ಭಾಷೆಯಲ್ಲಿ, ಸ್ಪ್ರಿಂಗ್ ಬೂಟ್ ಬಳಸಿ, ವಿಮಾ ಕಂಪನಿಯೊಂದಕ್ಕೆ ಸಾಫ್ಟ್‌ವೇರ್ ಬರೆಯುವ ಕೆಲಸ. ಆತನ ವಿಭಾಗದಲ್ಲೇ 2018ರಲ್ಲಿ ಓದು ಮುಗಿಸಿದ ಸೀನಿಯರ್ ಒಬ್ಬರು ಈಗ ಪ್ರಾಡಕ್ಟ್ ಕಂಪನಿಯಲ್ಲಿದ್ದಾರೆ. ಆತ ಮೊದಲು ಬರೆದ ಕರಡು ಹೀಗಿದೆ ಎಂದಿಟ್ಟುಕೊಳ್ಳಿ:

'ನಮಸ್ಕಾರ ಮೇಡಂ, ಹೇಗಿದ್ದೀರಿ? ನಾನು ನಿಮ್ಮದೇ ಕಾಲೇಜಿನವನು. ಸದ್ಯ ಕೆಲಸ ಬದಲಿಸಬೇಕೆಂದಿದ್ದೇನೆ. ಜಾವಾ, ಸ್ಪ್ರಿಂಗ್ ಬೂಟ್, ಮೈಎಸ್‌ಕ್ಯೂಎಲ್, ಡಾಕರ್, ಎಡಬ್ಲ್ಯೂಎಸ್, ರಿಯಾಕ್ಟ್, ಪೈಥಾನ್ ಗೊತ್ತಿದೆ. ಬೇಗ ಕಲಿಯುತ್ತೇನೆ, ಕಷ್ಟಪಟ್ಟು ದುಡಿಯುತ್ತೇನೆ. ನಿಮ್ಮ ಕಂಪನಿಯಲ್ಲಿ ನನಗೆ ಹೊಂದುವ ಯಾವುದಾದರೂ ಹುದ್ದೆ ಇದ್ದರೆ ದಯವಿಟ್ಟು ರೆಫರ್ ಮಾಡಿ.'

ಇದರಲ್ಲಿ ವಿನಯಕ್ಕೆ ಕೊರತೆಯಿಲ್ಲ. ಆದರೆ ಫಾರ್ಮ್‌ನ ಒಂದು ಖಾನೆಯೂ ಇದರಿಂದ ತುಂಬುವುದಿಲ್ಲ. 'ಯಾವುದಾದರೂ ಹುದ್ದೆ' ಎಂಬುದು ಕೇಳುವವರಿಗೆ ಹೊಂದಿಕೊಳ್ಳುವ ಗುಣದಂತೆ ಕಂಡರೂ, ಓದುವವರಿಗೆ ಅದು ಕಂಪನಿಯ ಹುದ್ದೆಗಳ ಪಟ್ಟಿಯನ್ನೆಲ್ಲ ಜಾಲಾಡುವ ಕೆಲಸ. ಏಳು ತಂತ್ರಜ್ಞಾನಗಳ ಹೆಸರು ಒಂದೇ ಉಸಿರಿನಲ್ಲಿ ಬಂದರೆ ಯಾವುದು ಎಷ್ಟು ಗೊತ್ತು ಎಂಬುದು ತಿಳಿಯದು. ಅನುಭವಿ ಓದುಗರು ಯಾವುದೂ ಅಷ್ಟಕ್ಕಷ್ಟೇ ಎಂದು ಲೆಕ್ಕ ಹಾಕುತ್ತಾರೆ. ಕಷ್ಟಪಟ್ಟು ದುಡಿಯುತ್ತೇನೆ ಎನ್ನದ ಅಭ್ಯರ್ಥಿ ಯಾರೂ ಇಲ್ಲವಾದ್ದರಿಂದ ಆ ವಾಕ್ಯದಿಂದ ಪ್ರಯೋಜನವಿಲ್ಲ.

ತಿದ್ದುವ ಕೆಲಸ ಕಂಪನಿಯ ಕರಿಯರ್ಸ್ ಪುಟದಿಂದ ಶುರುವಾಗಬೇಕು. ಬೇರೆ ಜಾಲತಾಣಗಳಲ್ಲಿ ಕಾಣುವ ಹುದ್ದೆ ಎಷ್ಟೋ ಸಲ ಮುಚ್ಚಿಹೋಗಿರುತ್ತದೆ. ಕಂಪನಿಯ ಸ್ವಂತ ಪುಟದಲ್ಲಿದ್ದರೆ ಮಾತ್ರ ಅದು ಜೀವಂತ. ನಮ್ಮ ಉದಾಹರಣೆಯ ಯುವಕ ಅಲ್ಲಿ ಬ್ಯಾಕೆಂಡ್ ಎಂಜಿನಿಯರ್ ಹುದ್ದೆಯೊಂದನ್ನು ಕಾಣುತ್ತಾನೆ: ಜಾಬ್ ಐಡಿ `R-20417`, ಬೆಂಗಳೂರು, 2ರಿಂದ 4 ವರ್ಷ ಅನುಭವ. ಬೇಕೇಬೇಕು ಎಂದಿರುವುದು ಜಾವಾ, ಸ್ಪ್ರಿಂಗ್ ಬೂಟ್ ಮತ್ತು ಡೇಟಾಬೇಸ್ ಕೆಲಸ. ಇದ್ದರೆ ಒಳ್ಳೆಯದು ಎಂದಿರುವುದು ಕಾಫ್ಕಾ, ಅಂದರೆ ವ್ಯವಸ್ಥೆಯ ಒಂದು ಭಾಗದಿಂದ ಇನ್ನೊಂದಕ್ಕೆ ಘಟನೆಗಳ ಸುದ್ದಿ ಸಾಗಿಸುವ ಸಾಧನ. ಮೊದಲ ಮೂರು ಆತನ ದಿನನಿತ್ಯದ ಕೆಲಸ. ಕಾಫ್ಕಾವನ್ನು ರಜೆಯಲ್ಲಿ ಮಾಡಿದ ಸಣ್ಣ ಪ್ರಾಜೆಕ್ಟ್‌ನಲ್ಲಷ್ಟೇ ಬಳಸಿದ್ದಾನೆ. ರಿಯಾಕ್ಟ್, ಪೈಥಾನ್ ಇಲ್ಲಿ ಯಾರಿಗೂ ಬೇಡ, ಹಾಗಾಗಿ ಸಂದೇಶದಲ್ಲಿ ಅವಕ್ಕೆ ಜಾಗವಿಲ್ಲ.

ಹುದ್ದೆ ಕಂಡೊಡನೆ ಅರ್ಜಿ ಹಾಕಿ, ಆಮೇಲೆ ರೆಫರಲ್ ಕೇಳುವವರು ಬಹಳ. ಇದು ತಿರುವುಮುರುವು. ಅನೇಕ ಕಂಪನಿಗಳ ವ್ಯವಸ್ಥೆಯಲ್ಲಿ ಅಭ್ಯರ್ಥಿಯ ಇಮೇಲ್ ಒಮ್ಮೆ ನೇರ ಅರ್ಜಿಯಾಗಿ ದಾಖಲಾದರೆ ಅದರ ಮೇಲೆ ರೆಫರಲ್ ಕೂರುವುದಿಲ್ಲ. ಕೆಲವು ಕಡೆ ಮಾತ್ರ ಆಮೇಲೂ ಸೇರಿಸಬಹುದು. ಆದ್ದರಿಂದ ಮೊದಲು ಸಂದೇಶ, ಒಂದು ವಾರ ಕಾಯುವುದು, ಉತ್ತರ ಬರದಿದ್ದರೆ ನೇರ ಅರ್ಜಿ ಎಂಬ ಕ್ರಮ ಸರಿ. ಅರ್ಜಿ ಹಾಕಿಯೇ ಆಗಿದ್ದರೆ ಅದನ್ನು ಸಂದೇಶದಲ್ಲಿ ಹೇಳಿಬಿಡಬೇಕು. ಹೇಳದಿದ್ದರೆ ಸೀನಿಯರ್ ಫಾರ್ಮ್ ತುಂಬಿದ ಮೇಲೆ ಅದು ತಿರಸ್ಕೃತವಾಗುತ್ತದೆ, ಅವರ ಸಮಯವೂ ಹಾಳು.

ಇನ್ನು ಕೌಶಲದ ಸಾಲು. ಸಂದೇಶದಲ್ಲಿ ಹೆಚ್ಚು ಹೊತ್ತು ಬೇಡುವುದು ಇದೊಂದೇ. 'ಸ್ಪ್ರಿಂಗ್ ಬೂಟ್ ಚೆನ್ನಾಗಿ ಗೊತ್ತು' ಎಂಬುದು ಅಭಿಪ್ರಾಯ. ಅದನ್ನು ಘಟನೆಯಾಗಿ ಬದಲಿಸಬೇಕು. ಆ ಯುವಕ ಮಾಡಿದ ಕೆಲಸ ಇದು: ವಿಮಾ ಕಂಪನಿಯ ಶಾಖೆಯವರು ತಿಂಗಳ ಕ್ಲೇಮ್‌ಗಳ ಪಟ್ಟಿ ತೆರೆದರೆ ಪುಟ ಬರಲು ಎಂಟು ಸೆಕೆಂಡ್ ಬೇಕಾಗುತ್ತಿತ್ತು. ಲಾಗ್ ತೆಗೆದು ನೋಡಿದಾಗ ಕಾರಣ ಸಿಕ್ಕಿತು. 200 ಕ್ಲೇಮ್‌ಗಳ ಪಟ್ಟಿಯನ್ನು ಒಂದು ಕ್ವೆರಿಯಲ್ಲಿ ತಂದ ಮೇಲೆ, ಪ್ರತಿ ಕ್ಲೇಮ್‌ನ ಗ್ರಾಹಕರ ವಿವರಕ್ಕೆ ಒಂದೊಂದು ಬಾರಿ ಡೇಟಾಬೇಸ್‌ಗೆ ಹೋಗಿಬರುತ್ತಿತ್ತು. ಒಟ್ಟು 201 ಕ್ವೆರಿ. ಈ ಕಸುಬಿನವರು ಇದನ್ನು ಎನ್-ಪ್ಲಸ್-ಒನ್ ಸಮಸ್ಯೆ ಎನ್ನುತ್ತಾರೆ. ಎರಡನ್ನೂ ಜೋಡಿಸಿ ಒಂದೇ ಕ್ವೆರಿಯಲ್ಲಿ ತರಿಸುವುದು ಅದಕ್ಕೆ ಮದ್ದು:

```java
@Query("select c from Claim c join fetch c.customer where c.branchId = :id")
```

ಪುಟ ಒಂದು ಸೆಕೆಂಡ್‌ಗೆ ಮುನ್ನವೇ ಬರತೊಡಗಿತು. ಸಂದೇಶದಲ್ಲಿ ಈ ಕೋಡ್ ಬೇಕಿಲ್ಲ, ಹಾಕಲೂಬಾರದು. ಗ್ರಾಹಕ ಕಂಪನಿಯ ಹೆಸರನ್ನೂ ಬರೆಯಬಾರದು, ಗೋಪ್ಯತೆಯ ಕರಾರಿಗೆ ಸಹಿ ಹಾಕಿರುವವರೇ ಹೆಚ್ಚು. ಏನು ನಿಧಾನವಾಗಿತ್ತು, ಕಾರಣ ಏನು, ಯಾರು ಸರಿಪಡಿಸಿದರು, ಎಷ್ಟಕ್ಕೆ ಇಳಿಯಿತು ಎಂಬ ನಾಲ್ಕು ಸಂಗತಿ ಒಂದು ವಾಕ್ಯದಲ್ಲಿ ಹಿಡಿಸುತ್ತವೆ. ಸೀನಿಯರ್ ಆ ವಾಕ್ಯವನ್ನು ಹಾಗೆಯೇ ಎತ್ತಿ 'ಯಾಕೆ ಹೊಂದುತ್ತಾರೆ' ಎಂಬ ಖಾನೆಗೆ ಹಾಕಬಹುದು.

ಆದರೆ ಸಂದರ್ಶನದ ಮೊದಲ ಪ್ರಶ್ನೆಯೂ ಬಹುಶಃ ಅದೇ ವಾಕ್ಯದಿಂದ ಹುಟ್ಟುತ್ತದೆ. ಸಮಸ್ಯೆಯನ್ನು ಹೇಗೆ ಪತ್ತೆ ಹಚ್ಚಿದಿರಿ, ಪಟ್ಟಿ 200ರ ಬದಲು 2 ಲಕ್ಷವಾದರೆ ಏನು ಮಾಡುತ್ತೀರಿ ಎಂದು ಕೇಳಿದಾಗ ಉತ್ತರ ಬಾರದಿದ್ದರೆ, ಬರೆಯದೇ ಇದ್ದಿದ್ದರೆ ಚೆನ್ನಾಗಿತ್ತು ಎನಿಸುತ್ತದೆ. ತಂಡದವರು ಮಾಡಿದ ಕೆಲಸವನ್ನು ತನ್ನದೆಂದು ಬರೆದವರು ಸಿಕ್ಕಿಬೀಳುವುದು ಇಂಥ ಪ್ರಶ್ನೆಯಲ್ಲಿ. ಅಳತೆಯ ಸಂಖ್ಯೆ ಇಲ್ಲದಿದ್ದರೆ ಹುಟ್ಟಿಸಿ ಬರೆಯಬೇಕಾಗಿಲ್ಲ. 'ಶಾಖೆಗಳಿಂದ ಬರುತ್ತಿದ್ದ ದೂರು ನಿಂತಿತು' ಎಂಬುದೂ ಫಲಿತಾಂಶವೇ.

ತಿದ್ದಿದ ಸಂದೇಶ ಹೀಗಾಗುತ್ತದೆ. ಇಂಥವು ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಹೋಗುತ್ತವೆ; ಯಾವ ಭಾಷೆಯಾದರೂ ಅಡಕ ಇಷ್ಟೇ:

'ನಮಸ್ಕಾರ ಮೇಡಂ, ನಾನು ನಮ್ಮ ಕಾಲೇಜಿನ ಕಂಪ್ಯೂಟರ್ ಸೈನ್ಸ್ ವಿಭಾಗದಲ್ಲಿ 2022ರಲ್ಲಿ ಓದು ಮುಗಿಸಿದವನು. ನಿಮ್ಮ ಕಂಪನಿಯ ಬ್ಯಾಕೆಂಡ್ ಎಂಜಿನಿಯರ್ ಹುದ್ದೆಗೆ (`R-20417`, ಬೆಂಗಳೂರು) ರೆಫರ್ ಮಾಡಲು ಸಾಧ್ಯವೇ ಎಂದು ಕೇಳಲು ಬರೆಯುತ್ತಿದ್ದೇನೆ. ಮೂರು ವರ್ಷದಿಂದ ಜಾವಾ, ಸ್ಪ್ರಿಂಗ್ ಬೂಟ್, ಮೈಎಸ್‌ಕ್ಯೂಎಲ್‌ನಲ್ಲಿ ಕೆಲಸ ಮಾಡುತ್ತಿದ್ದೇನೆ. ಈಚೆಗೆ ವಿಮಾ ಕ್ಲೇಮ್‌ಗಳ ಪುಟವೊಂದರಲ್ಲಿ ಎನ್-ಪ್ಲಸ್-ಒನ್ ಕ್ವೆರಿಗಳನ್ನು ನಾನೇ ಪತ್ತೆ ಹಚ್ಚಿ ಸರಿಪಡಿಸಿದೆ. 8 ಸೆಕೆಂಡ್ ಹಿಡಿಯುತ್ತಿದ್ದ ಪುಟ ಈಗ ಒಂದು ಸೆಕೆಂಡ್‌ನೊಳಗೆ ಬರುತ್ತದೆ. ಕಾಫ್ಕಾವನ್ನು ಸ್ವಂತ ಪ್ರಾಜೆಕ್ಟ್‌ನಲ್ಲಿ ಮಾತ್ರ ಬಳಸಿದ್ದೇನೆ. ನೋಟಿಸ್ ಅವಧಿ 60 ದಿನ. ಇನ್ನೂ ಅರ್ಜಿ ಹಾಕಿಲ್ಲ. ರೆಸ್ಯೂಮೆ, ಇಮೇಲ್, ಫೋನ್ ನಂಬರ್ ಜೊತೆಗಿವೆ. ಈಗ ಆಗದಿದ್ದರೆ ಪರವಾಗಿಲ್ಲ, ತಿಳಿಸಿದರೆ ನೇರವಾಗಿ ಅರ್ಜಿ ಹಾಕುತ್ತೇನೆ.'

ಕಾಫ್ಕಾ ಬಗ್ಗೆ ಇರುವ ಸಾಲು ದೌರ್ಬಲ್ಯದಂತೆ ಕಾಣಬಹುದು. ವಾಸ್ತವದಲ್ಲಿ ಉಳಿದ ಸಾಲುಗಳನ್ನು ನಂಬುವಂತೆ ಮಾಡುವುದು ಅದೇ. ನೋಟಿಸ್ ಅವಧಿ ಬರೆಯಲೂ ಕಾರಣವಿದೆ: ಭಾರತದ ಐಟಿ ವಲಯದಲ್ಲಿ 60, 90 ದಿನದ ನೋಟಿಸ್ ಸಾಮಾನ್ಯವಾದ್ದರಿಂದ ರಿಕ್ರೂಟರ್ ಮೊದಲ ಕರೆಯಲ್ಲೇ ಅದನ್ನು ಕೇಳುತ್ತಾರೆ. ಸಂಬಳದ ನಿರೀಕ್ಷೆ ಮಾತ್ರ ಇಲ್ಲಿ ಬೇಡ. ಅದು ಸೀನಿಯರ್‌ಗೆ ಸಂಬಂಧಿಸದ ಮಾತು. ಸಂಬೋಧನೆಯಲ್ಲಿ 'ಸರ್', 'ಮೇಡಂ' ನಮ್ಮ ಕಾಲೇಜುಗಳ ರೂಢಿ. ಪ್ರಾಡಕ್ಟ್ ಕಂಪನಿಗಳಲ್ಲಿ ಹೆಸರು ಹಿಡಿದು ಕರೆಯುವುದೇ ವಾಡಿಕೆಯಾದರೂ ಮೊದಲ ಸಂದೇಶದಲ್ಲಿ ಮೇಡಂ ಎಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ಪರಿಚಯವಿಲ್ಲದವರನ್ನು 'ಅಕ್ಕ', 'ಅಣ್ಣ' ಎಂದರೆ ಕೆಲವರಿಗೆ ಹಿತ, ಕೆಲವರಿಗೆ ಕಿರಿಕಿರಿ.

ಲಿಂಕ್ಡ್‌ಇನ್‌ನಲ್ಲಿ ಸಂಪರ್ಕ ಕೋರುವಾಗ ಜೊತೆಗೆ ಬರೆಯುವ ಟಿಪ್ಪಣಿ ಹೆಚ್ಚೆಂದರೆ 300 ಅಕ್ಷರ, ಉಚಿತ ಖಾತೆಯಲ್ಲಿ ಅದಕ್ಕಿಂತ ಕಡಿಮೆ. ಮೇಲಿನ ಸಂದೇಶ ಅದರಲ್ಲಿ ಹಿಡಿಸದು, ಕಡತ ಲಗತ್ತಿಸಲೂ ಆಗದು. ಆಗ ಟಿಪ್ಪಣಿಯಲ್ಲಿ ವಿಭಾಗ, ಬ್ಯಾಚ್, ಜಾಬ್ ಐಡಿ, ಒಂದು ಕೌಶಲ ಇವಿಷ್ಟು ಸಾಕು. ಅವರು ಒಪ್ಪಿಕೊಂಡ ಮೇಲೆ ಪೂರ್ತಿ ಸಂದೇಶ. ರೆಸ್ಯೂಮೆಯನ್ನು ಗೂಗಲ್ ಡ್ರೈವ್ ಕೊಂಡಿಯಾಗಿ ಕಳಿಸುವವರು ಹಂಚಿಕೆಯ ಅನುಮತಿ ಬದಲಿಸಲು ಮರೆಯುವುದು ಮಾಮೂಲು. ಒತ್ತಿದರೆ ಅನುಮತಿ ಕೇಳುವ ಪುಟ ತೆರೆದುಕೊಳ್ಳುತ್ತದೆ, ಸೀನಿಯರ್ ಅಲ್ಲಿಗೇ ಬಿಡುತ್ತಾರೆ. ಲಾಗಿನ್ ಆಗದ ಇನ್‌ಕಾಗ್ನಿಟೊ ಕಿಟಕಿಯಲ್ಲಿ ಕೊಂಡಿ ತೆರೆದು ನೋಡಿದರೆ ಈ ತಪ್ಪು ತಕ್ಷಣ ತಿಳಿಯುತ್ತದೆ. ಕಡತದ ಹೆಸರೂ `resume_final_new2.pdf` ಎಂದಿರುವುದಕ್ಕಿಂತ ಅಭ್ಯರ್ಥಿಯ ಹೆಸರೇ ಇರುವುದು ಮೇಲು.

ಒಂದೇ ಕಂಪನಿಯ ಐವರು ಹಳೆಯ ವಿದ್ಯಾರ್ಥಿಗಳಿಗೆ ಒಂದೇ ಸಂದೇಶ ಹಂಚುವುದು ಕೆಟ್ಟ ಉಪಾಯ. ಸಾಮಾನ್ಯವಾಗಿ ಮೊದಲು ದಾಖಲಿಸಿದವರ ರೆಫರಲ್ ಮಾತ್ರ ಗಣನೆಗೆ ಬರುತ್ತದೆ. ಎರಡನೆಯವರು ಫಾರ್ಮ್ ತುಂಬಿ ಆಮೇಲೆ ಪೆಚ್ಚಾಗುತ್ತಾರೆ. ಇವರೆಲ್ಲ ಕಾಲೇಜಿನ ವಾಟ್ಸ್ಯಾಪ್ ಗುಂಪಿನಲ್ಲಿ ಒಟ್ಟಿಗೇ ಇರುತ್ತಾರೆ ಎಂಬುದನ್ನೂ ಮರೆಯಬಾರದು. ಒಬ್ಬರಿಗೆ ಬರೆದು, ವಾರದ ನಂತರ ಒಂದು ಸಾಲಿನ ನೆನಪೋಲೆ ಕಳಿಸಿ, ಆಗಲೂ ಸದ್ದಿಲ್ಲದಿದ್ದರೆ ಇನ್ನೊಬ್ಬರತ್ತ ಹೋಗಬಹುದು. ಹುದ್ದೆ ಮುಚ್ಚುವ ಸೂಚನೆಯಿದ್ದರೆ ಕಾಯುವ ಅವಧಿ ಇನ್ನೂ ಚಿಕ್ಕದಾಗಲಿ.

ಸೀನಿಯರ್ ಒಪ್ಪಿ ಫಾರ್ಮ್ ತುಂಬಿದ ಮೇಲೆ ಅನೇಕ ಕಂಪನಿಗಳ ವ್ಯವಸ್ಥೆಯಿಂದ ಅಭ್ಯರ್ಥಿಗೆ ತಾನಾಗಿಯೇ ಒಂದು ಇಮೇಲ್ ಬರುತ್ತದೆ. ಅದರಲ್ಲಿನ ಕೊಂಡಿಯ ಮೂಲಕವೇ ಅರ್ಜಿ ಪೂರ್ತಿಗೊಳಿಸಬೇಕು. ಅದನ್ನು ಬಿಟ್ಟು ಕರಿಯರ್ಸ್ ಪುಟದಿಂದ ಹೊಸದಾಗಿ ಅರ್ಜಿ ಹಾಕಿದರೆ ರೆಫರಲ್ ಜೊತೆ ನಂಟು ತಪ್ಪಬಹುದು. ಕೊಂಡಿಗೆ ಗಡುವೂ ಇರಬಹುದು, ಇಮೇಲ್ ಸ್ಪ್ಯಾಮ್‌ಗೆ ಬೀಳುವುದೂ ಉಂಟು. ಎರಡು ದಿನದಲ್ಲಿ ಅಂಥ ಇಮೇಲ್ ಕಾಣದಿದ್ದರೆ ಸ್ಪ್ಯಾಮ್ ಹುಡುಕಿ, ಆಮೇಲೆ ಸೀನಿಯರ್‌ಗೆ ತಿಳಿಸುವುದು ಸರಿ. ಅರ್ಜಿ ಮುಗಿದಾಗ ಒಮ್ಮೆ, ಫಲಿತಾಂಶ ಬಂದಾಗ ಒಮ್ಮೆ ಅವರಿಗೆ ಸುದ್ದಿ ಮುಟ್ಟಿಸಬೇಕು. ನಡುವೆ ದಿನ ಬಿಟ್ಟು ದಿನ 'ಏನಾಯಿತು ಮೇಡಂ' ಎಂದು ಕೇಳಿದರೆ ಅವರ ಬಳಿ ಉತ್ತರವಿರುವುದಿಲ್ಲ, ಏಕೆಂದರೆ ಪೋರ್ಟಲ್ ಅವರಿಗೆ ತೋರಿಸುವುದು ಅರ್ಜಿ ಯಾವ ಹಂತದಲ್ಲಿದೆ ಎಂಬ ಒಂದೆರಡು ಪದ ಮಾತ್ರ.

ಕೋಡಿಂಗ್ ಪರೀಕ್ಷೆಯಾಗಲಿ ಸಂದರ್ಶನವಾಗಲಿ ರೆಫರಲ್‌ನಿಂದ ಹಗುರವಾಗುವುದಿಲ್ಲ. ಸಂದರ್ಶನದಲ್ಲಿ ಸೋತವರನ್ನು ಆರು ತಿಂಗಳೋ ಒಂದು ವರ್ಷವೋ ಮತ್ತೆ ಪರಿಗಣಿಸದ ಕೂಲಿಂಗ್ ಅವಧಿ ಹಲವು ಪ್ರಾಡಕ್ಟ್ ಕಂಪನಿಗಳಲ್ಲಿದೆ. ಹಾಗಾಗಿ ತಯಾರಿ ಇಲ್ಲದೆ ಪಡೆದ ರೆಫರಲ್ ಆ ಕಂಪನಿಯ ಮುಂದಿನ ಹುದ್ದೆಗಳನ್ನೂ ಅಷ್ಟು ಕಾಲ ಕೈತಪ್ಪಿಸುತ್ತದೆ. ಹಣ ಕೊಟ್ಟು ರೆಫರಲ್ ಕೊಳ್ಳುವ ವ್ಯವಹಾರವೂ ಟೆಲಿಗ್ರಾಂ ಗುಂಪುಗಳಲ್ಲಿ ನಡೆಯುತ್ತದೆ. ಹಣ ಪಡೆದು ಮಾಯವಾಗುವವರು ಅಲ್ಲಿ ಸಿಗುತ್ತಾರೆ. ನಿಜವಾಗಿ ಫಾರ್ಮ್ ತುಂಬಿದರೂ ಅದು ಕಂಪನಿಯ ನಿಯಮದ ಉಲ್ಲಂಘನೆಯಾಗಿ ಇಬ್ಬರಿಗೂ ಕುತ್ತು ತರಬಹುದು.

ಹೊಸ ಕಾಲೇಜುಗಳ, ಸಣ್ಣ ಊರುಗಳ ಕಾಲೇಜುಗಳ ಅಭ್ಯರ್ಥಿಗಳಿಗೆ ಬಯಸಿದ ಕಂಪನಿಯಲ್ಲಿ ಒಬ್ಬ ಸೀನಿಯರ್ ಕೂಡ ಸಿಗದಿರುವುದುಂಟು. ರೆಫರಲ್ ಪದ್ಧತಿಯ ಅನ್ಯಾಯದ ಮುಖ ಇದು: ಈಗಾಗಲೇ ಒಳಗಿರುವವರ ಕಾಲೇಜುಗಳಿಗೇ ಅದು ಮತ್ತೆ ಅನುಕೂಲ ಮಾಡಿಕೊಡುತ್ತದೆ. ಅಂಥವರು ವಲಯವನ್ನು ಒಂದು ಸುತ್ತು ಹಿಗ್ಗಿಸಬೇಕಾಗುತ್ತದೆ. ಹಿಂದಿನ ಪ್ರಾಜೆಕ್ಟ್‌ನಲ್ಲಿ ಜೊತೆಗಿದ್ದು ಈಗ ಪ್ರಾಡಕ್ಟ್ ಕಂಪನಿ ಸೇರಿದ ಸಹೋದ್ಯೋಗಿ ಕಾಲೇಜಿನ ಸೀನಿಯರ್‌ಗಿಂತಲೂ ಮೇಲು, ಏಕೆಂದರೆ 'ಹೇಗೆ ಗೊತ್ತು' ಎಂಬ ಖಾನೆಯಲ್ಲಿ ಅವರು 'ಜೊತೆಗೆ ಕೆಲಸ ಮಾಡಿದ್ದೇನೆ' ಎಂದು ಬರೆಯಬಲ್ಲರು. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಅಡಿಯ ಬೇರೆ ಕಾಲೇಜಿನಲ್ಲಿ ಅದೇ ಪಠ್ಯಕ್ರಮ ಓದಿದವರಿಗೂ ಬರೆಯಬಹುದು. ಆದರೆ ಅಲ್ಲಿ ಕಾಲೇಜಿನ ನಂಟು ತೆಳುವಾದ್ದರಿಂದ ಕೌಶಲದ ಆ ಒಂದು ವಾಕ್ಯದ ಮೇಲೆ ಭಾರ ಇನ್ನೂ ಹೆಚ್ಚು ಬೀಳುತ್ತದೆ.